ಅಂಗಡಿಯ ಬಿಲ್ಲಿನಿಂದ ಹಿಂದಕ್ಕೆ: ಹೊಸ ಮಿಕ್ಸಿಯೊಂದರ ಟಾರ್ಗೆಟ್ ಕಾಸ್ಟಿಂಗ್ ಅನುಭವ

ಕಳೆದ ವಾರ ನಮ್ಮ ಹೊಸ ಮಿಕ್ಸಿಯ ಕಾಸ್ಟ್ ಶೀಟಿಗೆ ಕೊನೆಯ ಸಹಿ ಬಿತ್ತು. ಪೀಣ್ಯದ ಮಧ್ಯಮ ಗಾತ್ರದ ಗೃಹೋಪಕರಣ ಕಾರ್ಖಾನೆಯೊಂದರಲ್ಲಿ ನಾನು ಕಾಸ್ಟಿಂಗ್ ನೋಡಿಕೊಳ್ಳುವವಳು. 750 ವ್ಯಾಟಿನ, ಮೂರು ಜಾರ್‌ಗಳ ಈ ಮಿಕ್ಸಿಗೆ ಮೊದಲ ಬಾರಿ ಟಾರ್ಗೆಟ್ ಕಾಸ್ಟಿಂಗ್ ಮಾಡಿದೆವು. ಪಠ್ಯಪುಸ್ತಕದಲ್ಲಿ ಇದು ಒಂದೇ ಸಾಲಿನ ಲೆಕ್ಕ: ಮಾರುಕಟ್ಟೆಯ ಬೆಲೆಯಿಂದ ಬೇಕಾದ ಲಾಭ ಕಳೆದರೆ ಉಳಿಯುವುದೇ ಮಾಡಬಹುದಾದ ಖರ್ಚು. ಕೆಲಸಕ್ಕೆ ಇಳಿದಾಗ ಆ ಒಂದು ಸಾಲು ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ನುಂಗಿತು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ದಾರಿ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಕಂಪನಿಯ ಗುಟ್ಟು ಉಳಿಯಬೇಕಾದ್ದರಿಂದ ಅಂಕಿಗಳನ್ನು ತುಸು ಬದಲಿಸಿದ್ದೇನೆ, ಲೆಕ್ಕದ ಹೆಜ್ಜೆಗಳು ನಡೆದಂತೆಯೇ ಇವೆ.

ಅದಕ್ಕೂ ಮೊದಲು ನಮ್ಮಲ್ಲಿದ್ದ ಪದ್ಧತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಡಿಸೈನ್‌ನವರು ಡ್ರಾಯಿಂಗ್ ಮುಗಿಸುತ್ತಾರೆ, ಪರ್ಚೇಸ್‌ನವರು ರೇಟು ತರುತ್ತಾರೆ, ನಾನು ಕೂಡಿಸುತ್ತೇನೆ, ಮೇಲೆ ಲಾಭ ಸೇರಿಸಿ ಬೆಲೆ ಹೇಳುತ್ತೇವೆ. ಹಿಂದಿನ ಮಾಡೆಲ್ ಹೀಗೆಯೇ ಬಂದು ₹3,400ಕ್ಕೆ ನಿಂತಿತ್ತು. ಪಕ್ಕದ ಕಪಾಟಿನಲ್ಲಿ ಅಷ್ಟೇ ವ್ಯಾಟಿನ ಮಿಕ್ಸಿ ₹3,000ಕ್ಕೆ ಇದ್ದಾಗ ನಮ್ಮದನ್ನು ಯಾರು ಕೊಳ್ಳುತ್ತಾರೆ? ರಿಯಾಯಿತಿ ಕೊಟ್ಟು ಕೊಟ್ಟು ಲಾಭವೆಲ್ಲ ಕರಗಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಭಾಗಗಳ ಅಚ್ಚುಗಳು, ಅಂದರೆ ಮೋಲ್ಡ್‌ಗಳು ಆಗಿಹೋಗಿದ್ದವು. ಮೋಲ್ಡ್ ಆದಮೇಲೆ ಖರ್ಚು ಇಳಿಸಲು ಉಳಿಯುವುದು ರೇಟಿನ ಚೌಕಾಸಿ ಮಾತ್ರ. ಅದಕ್ಕೇ ಈ ಸಲ ಎಂ.ಡಿ. ಸಾಹೇಬರು, ಡ್ರಾಯಿಂಗ್ ಶುರುವಾಗುವ ಮೊದಲೇ ಖರ್ಚಿನ ಮಿತಿ ಬೇಕು ಎಂದರು. ಜಪಾನಿನಲ್ಲಿ 1960ರ ದಶಕದಲ್ಲಿ ಟೊಯೋಟಾ ರೂಢಿಗೆ ತಂದ ಕ್ರಮದ ಜೀವಾಳವೂ ಇದೇ.

ಮೊದಲ ಗುದ್ದಾಟ ಬೆಲೆಯದು. ಮಾರ್ಕೆಟಿಂಗ್‌ನವರು ಎದುರಾಳಿಗಳ ಎಂಆರ್‌ಪಿ ಪಟ್ಟಿ ತಂದಿಟ್ಟರು: ₹4,500, ₹4,800, ₹5,200. ಆ ಬೆಲೆಗೆ ಮಿಕ್ಸಿ ಕೊಳ್ಳುವವರು ಇಲ್ಲ. ಹಾಗಾಗಿ ತುಮಕೂರು, ಹಾಸನ, ದಾವಣಗೆರೆ, ಬೆಂಗಳೂರಿನ ಅಂಗಡಿಗಳಿಂದ ನಿಜವಾದ ಬಿಲ್ಲುಗಳ ಪ್ರತಿ ಬೇಕೆಂದು ಕೇಳಿದೆ. ಅಂಗಡಿಯವರು ಸುಲಭಕ್ಕೆ ಕೊಡುವುದಿಲ್ಲ. ಗ್ರಾಹಕರ ಹೆಸರಿನ ಜಾಗ ಮುಚ್ಚಿ, ಮಾಡೆಲ್ ಮತ್ತು ಮೊತ್ತ ಮಾತ್ರ ಕಾಣುವ ಹಾಗೆ ಕೊಡಿ ಎಂದಮೇಲೆ ಬಂದವು. ಅದರಿಂದ ತಿಳಿದದ್ದು: ಸಾಮಾನ್ಯ ದಿನಗಳಲ್ಲಿ ಈ ದರ್ಜೆಯ ಮಿಕ್ಸಿ ₹3,100ರ ಆಸುಪಾಸು ಹೋಗುತ್ತದೆ, ದಸರಾ–ದೀಪಾವಳಿಯ ಸೇಲಿನಲ್ಲಿ ₹2,800ಕ್ಕೆ ಇಳಿಯುತ್ತದೆ, ಮತ್ತು ವರ್ಷದ ಮಾರಾಟದಲ್ಲಿ ಮೂರನೇ ಒಂದು ಭಾಗ ಆ ಹಬ್ಬದ ಬೆಲೆಯಲ್ಲೇ ಆಗುತ್ತದೆ. ಅಂದರೆ ಸರಾಸರಿ ₹3,000. ಹಬ್ಬದ ಬೆಲೆಯನ್ನು ಲೆಕ್ಕದಿಂದ ಬಿಟ್ಟರೆ ಮಿತಿಯಲ್ಲಿ ನೂರು ರೂಪಾಯಿ ಸುಳ್ಳು ಸೇರಿಕೊಳ್ಳುತ್ತದೆ, ಅದು ಗೊತ್ತಾಗುವುದು ವರ್ಷದ ಕೊನೆಗೆ. ಈ ಹಂತದಲ್ಲಿ ಆತುರ ಬೇಡ ಎಂದು ಒತ್ತಿ ಹೇಳುತ್ತೇನೆ. ಮುಂದಿನ ಎಲ್ಲ ಅಂಕಿಗಳೂ ಇದರ ಮೇಲೆ ನಿಂತಿವೆ.

ಆ ₹3,000ದಿಂದ ಹಿಂದಕ್ಕೆ ನಡೆದೆವು. ಮಿಕ್ಸಿಗೆ ಜಿಎಸ್‌ಟಿ 18 ಪ್ರತಿಶತ (2018ರ ಜುಲೈವರೆಗೆ 28 ಇತ್ತು). ತೆರಿಗೆ ಬೆಲೆಯೊಳಗೇ ಇರುವುದರಿಂದ 1.18ರಿಂದ ಭಾಗಿಸಬೇಕು, 18 ಪ್ರತಿಶತ ಕಳೆಯಬಾರದು. ಭಾಗಿಸಿದರೆ ₹2,542. ಅಂಗಡಿಯವರ ಮಾರ್ಜಿನ್ 12 ಪ್ರತಿಶತ, ಅಂದರೆ ₹305. ಉಳಿದದ್ದರಲ್ಲಿ ಡಿಸ್ಟ್ರಿಬ್ಯೂಟರ್‌ಗೆ 6 ಪ್ರತಿಶತ, ₹134. ಕಂಪನಿಯ ಕೈಗೆ ಬರುವುದು ಸುಮಾರು ₹2,100. ಗ್ರಾಹಕರು ಮೂರು ಸಾವಿರ ಕೊಟ್ಟರೂ ನಮಗೆ ಸಿಗುವುದು ಇಷ್ಟೇ ಎಂದು ಡಿಸೈನ್ ತಂಡಕ್ಕೆ ತೋರಿಸಿದ ದಿನ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಎಷ್ಟೋ ವರ್ಷ ಮಿಕ್ಸಿ ಮಾಡಿದವರೂ ಈ ಲೆಕ್ಕವನ್ನು ಪೂರ್ತಿ ನೋಡಿರಲಿಲ್ಲ.

ಆ ₹2,100ರಲ್ಲಿ ಡೀಲರ್ ಸ್ಕೀಮು ಮತ್ತು ಕ್ಯಾಶ್ ಡಿಸ್ಕೌಂಟಿಗೆ ₹63, ಸಾಗಣೆಗೆ ₹47, ವಾರಂಟಿಗೆ ₹50, ಮಾರಾಟ ಮತ್ತು ಜಾಹೀರಾತಿಗೆ ₹130, ಆಫೀಸು ಹಾಗೂ ಬಡ್ಡಿಗೆ ₹80. ಒಟ್ಟು ₹370. ಲಾಭ ನಿವ್ವಳ ಬೆಲೆಯ 10 ಪ್ರತಿಶತ, ₹210. ಇದನ್ನು ಮೊದಲೇ ತೆಗೆದಿಡಬೇಕು, ಕೊನೆಯಲ್ಲಿ ಉಳಿದರೆ ಲಾಭ ಎಂಬ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಎಲ್ಲ ಕಳೆದು ಉಳಿದದ್ದು ₹1,520. ಕಾರ್ಖಾನೆಯ ಬಾಗಿಲು ದಾಟುವ ಹೊತ್ತಿಗೆ, ಮೋಲ್ಡಿನ ಪಾಲೂ ಸೇರಿ, ಒಂದು ಮಿಕ್ಸಿಗೆ ಇದಕ್ಕಿಂತ ಹೆಚ್ಚು ಖರ್ಚಾಗಬಾರದು.

ಇನ್ನೊಂದು ಕಡೆಯಿಂದ, ಈಗಿನ ಡಿಸೈನು, ಈಗಿನ ಸಪ್ಲೈಯರ್‌ಗಳು, ಈಗಿನ ರೇಟಿನಲ್ಲೇ ಮಾಡಿದರೆ ಎಷ್ಟಾಗುತ್ತದೆ ಎಂದು ಕೂಡಿಸಿದೆವು. ಮೋಟರ್ ₹620, ಮುಚ್ಚಳ–ಬ್ಲೇಡು ಸಮೇತ ಮೂರು ಜಾರ್ ₹545, ಬಾಡಿ ₹215, ಸ್ವಿಚ್, ಭಾರ ಹೆಚ್ಚಾದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್, ವೈರು ₹112, ಪ್ಯಾಕಿಂಗ್ ₹78, ಅಸೆಂಬ್ಲಿ ಮತ್ತು ಟೆಸ್ಟಿಂಗ್ ₹112, ಮೋಲ್ಡಿನ ಪಾಲು ₹60. ಒಟ್ಟು ₹1,742. ಕೊರತೆ ₹222.

ಮೋಲ್ಡಿನ ₹60 ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೋಲ್ಡ್‌ಗಳಿಗೆ ₹48 ಲಕ್ಷದ ಕೊಟೇಶನ್, ಮಾರುವ ಅಂದಾಜು 80,000 ಮಿಕ್ಸಿ. ಮಾರಾಟದ ಅಂದಾಜನ್ನು ಯಾರು ಕೊಟ್ಟರೋ ಅವರ ಸಹಿ ಆ ಹಾಳೆಯ ಮೇಲೆ ಇರಲಿ. 50,000ಕ್ಕೆ ನಿಂತರೆ ಅದೇ ಪಾಲು ₹96 ಆಗುತ್ತದೆ, ಆಮೇಲೆ ಕಾರ್ಖಾನೆಯವರು ಎಷ್ಟು ಉಳಿಸಿದರೂ ಸಾಲದು.

₹222ನ್ನು ಎಲ್ಲ ವಿಭಾಗಗಳಿಗೂ ಸಮನಾಗಿ, ಎಲ್ಲರೂ 13 ಪ್ರತಿಶತ ಇಳಿಸಿ ಎಂದು ಹಂಚುವ ಯೋಚನೆ ಬಂತು. ನಾನು ಒಪ್ಪಲಿಲ್ಲ. ಹಾಗೆ ಹಂಚಿದರೆ ಅಡುಗೆಮನೆಯಲ್ಲಿ ಬೇಕೇ ಬೇಕಾದದ್ದೂ, ಯಾರೂ ನೋಡದ ಅಲಂಕಾರವೂ ಒಂದೇ ಕತ್ತರಿಗೆ ಸಿಗುತ್ತವೆ. ಬದಲಿಗೆ ಮನೆಗಳಿಗೆ ಹೋದೆವು. ಅಡುಗೆ ಮಾಡುವವರ ಕೈಗೆ ನೂರು ಅಂಕ ಕೊಟ್ಟು, ನಿಮಗೆ ಯಾವುದು ಎಷ್ಟು ಮುಖ್ಯವೋ ಹಂಚಿ ಎಂದೆವು. ನುಣ್ಣಗೆ ರುಬ್ಬುವುದಕ್ಕೆ 30, ಮೋಟರ್ ಸುಡದೆ ಬಾಳುವುದಕ್ಕೆ 27, ಮುಚ್ಚಳ ಸೋರದಿರುವುದಕ್ಕೆ 16, ತೊಳೆಯಲು ಸುಲಭವಾಗುವುದಕ್ಕೆ 11, ಸದ್ದು ಕಡಿಮೆ ಇರುವುದಕ್ಕೆ 9, ನೋಟಕ್ಕೆ 7 ಬಂತು. ಹಾಸನದ ಮನೆಯೊಂದರಲ್ಲಿ ಅಜ್ಜಿಯೊಬ್ಬರು, "ನೋಡವ್ವ, ಉದ್ದಿನಬೇಳೆ ರುಬ್ತಾ ಇರುವಾಗ ಮಧ್ಯೆ ನಿಂತೋದ್ರೆ ಏನ್ ಮಾಡ್ಲಿ? ಬಣ್ಣ ಯಾವುದಾದ್ರೂ ಇರ್ಲಿ" ಎಂದರು. ಆ ಮಾತನ್ನು ಹಾಗೆಯೇ ಬರೆದು ಮೀಟಿಂಗಿನ ಫೈಲಿಗೆ ಸೇರಿಸಿದೆ.

ಆಮೇಲೆ ಪ್ರತಿ ಅಂಕವೂ ಯಾವ ಬಿಡಿಭಾಗದಿಂದ ಬರುತ್ತದೆ ಎಂದು ಹೊಂದಿಸಿದೆವು. ಬಾಡಿ ಖರ್ಚಿನಲ್ಲಿ 12 ಪ್ರತಿಶತ ತಿನ್ನುತ್ತಿತ್ತು, ಗ್ರಾಹಕರ ಅಂಕದಲ್ಲಿ ಅದರ ಪಾಲು 8 ಮಾತ್ರ. ಮೋಟರಿನದು ತಿರುಗುಮುರುಗು. ಹೀಗೆ ಕತ್ತರಿ ಎಲ್ಲಿ ಮೊದಲು ಹೋಗಬೇಕೆಂದು ಕಾಣಿಸಿತು. ಒಂದು ಎಚ್ಚರಿಕೆ: ಓವರ್‌ಲೋಡ್, ಇನ್ಸುಲೇಶನ್, ವೈರು ಇವುಗಳಿಗೆ ಗ್ರಾಹಕರು ಅಂಕವೇ ಕೊಡುವುದಿಲ್ಲ, ಯಾಕೆಂದರೆ ಶಾಕ್ ಹೊಡೆಯುವುದಿಲ್ಲ ಎಂದು ಅವರು ನಂಬಿಯೇ ಕೊಳ್ಳುತ್ತಾರೆ. ಅಂಕ ಇಲ್ಲವೆಂದು ಅಲ್ಲಿ ಕತ್ತರಿಸಬಾರದು. ಸುರಕ್ಷತೆಯ ಆ ₹112ನ್ನು ನಾವು ಚರ್ಚೆಯಿಂದಲೇ ಹೊರಗಿಟ್ಟೆವು.

ಬಾಡಿಯಲ್ಲಿ ಕ್ರೋಮ್ ಉಂಗುರ ಹೋಯಿತು, ಎರಡು ಬಣ್ಣದ ಪೇಂಟು ಹೋಯಿತು, ಒಂಬತ್ತು ಸ್ಕ್ರೂ ಇದ್ದಲ್ಲಿ ಐದು ಉಳಿದು ಮಿಕ್ಕವು ಒತ್ತಿದರೆ ಕೂರುವ ಕೊಕ್ಕೆಗಳಾದವು. ₹34 ಅಲ್ಲಿ, ಅಸೆಂಬ್ಲಿ ಸಮಯದಲ್ಲಿ ₹9. ಪ್ಯಾಕಿಂಗ್‌ನಲ್ಲಿ ಥರ್ಮೋಕೋಲ್ ಬಿಟ್ಟು ಮಡಚಿದ ರಟ್ಟಿಗೆ ಬಂದು ₹14. ಇದೆಲ್ಲ ಬೇಗ ಮುಗಿಯಿತು.

ಜಾರ್‌ಗಳ ಕಥೆ ದೀರ್ಘ. ಸಪ್ಲೈಯರ್‌ಗಳಿಂದ ಬರೀ ರೇಟು ಬಂದರೆ ಸಾಲದು, ಒಳಗಿನ ಲೆಕ್ಕ ಬೇಕು: ಸ್ಟೀಲ್ ಎಷ್ಟು ತೂಕ, ಕತ್ತರಿಸಿದ ಮೇಲೆ ಸ್ಕ್ರ್ಯಾಪ್ ಎಷ್ಟು, ಪ್ರೆಸ್ಸಿಗೆ ಎಷ್ಟು ಹೊತ್ತು, ಪಾಲಿಶ್‌ಗೆ ಎಷ್ಟು, ಅವರ ಲಾಭ ಎಷ್ಟು. ಕಾಮಾಕ್ಷಿಪಾಳ್ಯದಲ್ಲಿ ನಮಗೆ ಜಾರ್ ಮಾಡಿಕೊಡುವವರು ಈ ಫಾರಂ ನೋಡಿ, "ಮೇಡಂ, ರೇಟ್ ಕೇಳಿ ಕೊಡ್ತೀನಿ. ನನ್ನ ಮನೆ ಲೆಕ್ಕ ಯಾಕೆ?" ಎಂದು ಎತ್ತಿಟ್ಟರು. ಅವರ ಅಂಜಿಕೆ ನ್ಯಾಯವಾದದ್ದೇ. ಲೆಕ್ಕ ತೋರಿಸಿದವರ ಲಾಭಕ್ಕೇ ಮೊದಲು ಕೈ ಹಾಕುವ ಖರೀದಿದಾರರು ಬೇಕಾದಷ್ಟು ಜನ ಇದ್ದಾರೆ. ಅವರ ಲಾಭದ ಸಾಲನ್ನು ಮುಟ್ಟುವುದಿಲ್ಲ, ಡಿಸೈನ್ ಬದಲಾವಣೆಯಿಂದ ಉಳಿದದ್ದರಲ್ಲಿ ಅವರಿಗೂ ಪಾಲು ಎಂದು ಎಂ.ಡಿ. ಸಾಹೇಬರು ಲಿಖಿತವಾಗಿ ಕೊಟ್ಟ ಮೇಲೆ ಫಾರಂ ಬಂತು. ಆ ಪತ್ರಕ್ಕಾಗಿ ಕಾದ ವಾರಗಳಲ್ಲಿ ಕೆಲಸ ಪೂರ್ತಿ ನಿಂತಿತ್ತು. ನೀವು ಮಾಡುವುದಾದರೆ ಈ ಪತ್ರವನ್ನು ಮೊದಲ ದಿನವೇ ಸಿದ್ಧಮಾಡಿ.

ಫಾರಂ ತೆರೆದಾಗ ಕಂಡದ್ದು: ದೊಡ್ಡ ಜಾರ್ ಮತ್ತು ನಡುವಿನ ಜಾರ್‌ಗಳ ಬಾಯಿಯ ಅಳತೆಯಲ್ಲಿ ಕೆಲವೇ ಮಿಲಿಮೀಟರ್ ವ್ಯತ್ಯಾಸ. ಅಷ್ಟಕ್ಕೇ ಎರಡು ಮುಚ್ಚಳ, ಎರಡು ರಬ್ಬರ್ ಗ್ಯಾಸ್ಕೆಟ್, ಎರಡು ಮೋಲ್ಡ್. ಬಾಯಿ ಒಂದೇ ಅಳತೆ ಮಾಡಿ, ಎತ್ತರದಲ್ಲಿ ಮಾತ್ರ ವ್ಯತ್ಯಾಸ ಇಟ್ಟೆವು. ಮೂರೂ ಜಾರ್‌ಗಳ ತಳದ ಬುಶ್ಶು, ಕಪ್ಲರ್ ಒಂದೇ ಆಯಿತು. ಅವರ ಪಾಲು ಕೊಟ್ಟ ಮೇಲೂ ನಮಗೆ ₹58 ಉಳಿಯಿತು. ಒಂದು ಮೋಲ್ಡ್ ಕಡಿಮೆಯಾದ್ದರಿಂದ ₹6.4 ಲಕ್ಷ ತಪ್ಪಿ, ಮೋಲ್ಡಿನ ಪಾಲು ₹60ರಿಂದ ₹52ಕ್ಕೆ ಇಳಿಯಿತು. ಗ್ರಾಹಕರಿಗೆ ಇದರಿಂದ ನಷ್ಟವಿಲ್ಲ, ಗ್ಯಾಸ್ಕೆಟ್ ಹೋದರೆ ಎರಡು ಜಾರ್‌ಗೂ ಒಂದೇ ಸಿಗುತ್ತದೆ. ನಾನು ಹುಡುಕುತ್ತಿದ್ದ ಉಳಿತಾಯ ಈ ಬಗೆಯದು.

ಇನ್ನು ಮೋಟರ್. ಪರ್ಚೇಸ್‌ನವರು ಮೋಟರಿನ ಸುರುಳಿಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತುವ, ಅಂದರೆ ಅಲ್ಯೂಮಿನಿಯಂ ವೈಂಡಿಂಗ್‌ನ, ಕೊಟೇಶನ್ ತಂದರು. ಒಂದಕ್ಕೆ ₹85 ಉಳಿತಾಯ, ಒಂದೇ ಏಟಿಗೆ ಕೊರತೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ನೋಡಿದ ತಕ್ಷಣ ಆಸೆ ಆಗುವ ಅಂಕಿ. ಆದರೆ ಅಲ್ಯೂಮಿನಿಯಂನ ವಿದ್ಯುತ್ ರೋಧ ತಾಮ್ರದ ಸುಮಾರು 1.6 ಪಟ್ಟು ಇರುತ್ತದೆ, ಅದನ್ನು ಸರಿದೂಗಿಸುವಷ್ಟು ದಪ್ಪ ತಂತಿ ಅದೇ ಸ್ಲಾಟಿನಲ್ಲಿ ಕೂರುವುದಿಲ್ಲ, ಬಿಸಿ ಏರುತ್ತದೆ. ತಿರುಗುವ ಸುರುಳಿಗೆ ವಿದ್ಯುತ್ ದಾಟಿಸುವ ಕಮ್ಯುಟೇಟರ್‌ಗೆ ಸೇರುವ ಜಾಗದಲ್ಲಿ ತಂತಿ ಬೇಗ ತುಂಡಾಗುತ್ತದೆ. ನಮ್ಮ ಸರ್ವಿಸ್ ರಿಜಿಸ್ಟರ್ ತೆಗೆದು ನೋಡಿದೆ. ವಾರಂಟಿಯ ₹50 ಎಂಬುದು ನೂರಕ್ಕೆ ಐದು ಮಿಕ್ಸಿ ಕೆಡುತ್ತವೆ, ಪ್ರತಿಯೊಂದಕ್ಕೂ ಮೋಟರ್, ಮೆಕ್ಯಾನಿಕ್ ಓಡಾಟ ಸೇರಿ ಸುಮಾರು ₹1,000 ಎಂಬ ಲೆಕ್ಕ. ಹಿಂದೆ ಅಗ್ಗದ ಮಾಡೆಲ್ ಒಂದರಲ್ಲಿ ಅಲ್ಯೂಮಿನಿಯಂ ಹಾಕಿದ್ದಾಗ ನೂರಕ್ಕೆ ಹನ್ನೆರಡು ವಾಪಸ್ಸು ಬಂದಿದ್ದವು. ಅಂದರೆ ವಾರಂಟಿ ₹120. ಉಳಿಸಿದ ₹85ರಲ್ಲಿ ₹70 ಹಾಗೇ ಹೋಯಿತು, ಉಳಿದದ್ದು ₹15. ಅದಕ್ಕಾಗಿ 27 ಅಂಕದ ಗುಣವನ್ನು ಮಾರಿಕೊಳ್ಳುವುದೇ? ಕೊಟೇಶನ್ ವಾಪಸ್ಸು ಹೋಯಿತು. ಒಂದು ಭಾಗದಲ್ಲಿ ಉಳಿದ ಹಣ ಇನ್ನೊಂದು ಸಾಲಿನಲ್ಲಿ ಖರ್ಚಾಗಿ ಎದ್ದುಬರುತ್ತದೆಯೇ ಎಂದು ಪ್ರತಿ ಸಲಹೆಗೂ ಕೇಳಲೇಬೇಕು.

ಮೋಟರ್ ಎಂಜಿನಿಯರ್ ಬೇರೆ ದಾರಿ ಹಿಡಿದರು. ತಾಮ್ರ ಮುಟ್ಟದೆ, ಮೋಟರಿನೊಳಗೆ ಒಂದರ ಮೇಲೊಂದು ಪೇರಿಸಿದ ತೆಳು ಉಕ್ಕಿನ ತಗಡುಗಳಾದ ಸ್ಟ್ಯಾಂಪಿಂಗ್‌ಗಳ ಒಟ್ಟು ಎತ್ತರವನ್ನು 3 ಮಿಲಿಮೀಟರ್ ಇಳಿಸಿದರು. ಟೆಸ್ಟಿಗೆ ಹಾಕಿದರೆ ವೈಂಡಿಂಗ್ ಬಿಸಿ 97 ಡಿಗ್ರಿ ಏರಿತು. ನಾವು ಇಟ್ಟುಕೊಂಡ ಮಿತಿ 85. ಅದಾದ ಮೇಲೆ ಫ್ಯಾನಿನ ಕೆಳಗೆ ಗಾಳಿಯನ್ನು ಸುರುಳಿಯ ಮೇಲೇ ತಿರುಗಿಸುವ ತಡೆಯೊಂದನ್ನು ಬಾಡಿಯ ಪ್ಲಾಸ್ಟಿಕ್‌ನಲ್ಲೇ ಸೇರಿಸಿದರು. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಮೋಲ್ಡ್ ಇನ್ನೂ ಆಗಿರಲಿಲ್ಲವಲ್ಲ. ಐದು ನಿಮಿಷ ಓಟ, ಎರಡು ನಿಮಿಷ ವಿರಾಮದ ಸುತ್ತುಗಳಲ್ಲಿ ಮತ್ತೆ ಓಡಿಸಿದೆವು. ಒಳಗಿನ ಬಿಸಿಯನ್ನು ಹೊರಗೆ ಮುಟ್ಟಿ ಅಳೆಯಲಾಗದು, ತಾಮ್ರದ ರೋಧ ಎಷ್ಟು ಏರಿತೆಂದು ನೋಡಿ ಲೆಕ್ಕ ಹಾಕುತ್ತಾರೆ:

```
Δt = (R2 − R1) / R1 × (234.5 + t1) − (t2 − t1)
```

Δt ಏರಿದ ಬಿಸಿ, 234.5 ತಾಮ್ರದ ಸ್ಥಿರಾಂಕ, R1 ತಣ್ಣಗಿದ್ದಾಗಿನ ರೋಧ, R2 ಓಡಿ ನಿಂತ ಕೂಡಲೆ ಅಳೆದದ್ದು, t1 ಮತ್ತು t2 ಮೊದಲಿನ ಹಾಗೂ ಕೊನೆಯ ಕೋಣೆಯ ಉಷ್ಣತೆ. ನಮ್ಮಲ್ಲಿ 2.40 ಓಮ್ ಇದ್ದದ್ದು 3.16 ಆಯಿತು, ಕೋಣೆ 28ರಿಂದ 31 ಡಿಗ್ರಿಗೆ ಹೋಗಿತ್ತು. ಲೆಕ್ಕ ಹಾಕಿದರೆ 80 ಡಿಗ್ರಿ. ಪಾಸಾಯಿತು, ₹41 ಉಳಿಯಿತು. ಕಾಸ್ಟಿಂಗ್‌ನವಳಾದ ನನಗೆ ಈ ಸೂತ್ರ ಯಾಕೆ ಬೇಕು ಎನ್ನಿಸಬಹುದು. ಉಳಿತಾಯದ ಹಾಳೆಗೆ ಟೆಸ್ಟ್ ರಿಪೋರ್ಟ್ ಲಗತ್ತಿಸದೆ ನಾನು ಒಂದು ರೂಪಾಯಿಯನ್ನೂ ಕೊರತೆಯಿಂದ ಇಳಿಸಲಿಲ್ಲ. ರಿಪೋರ್ಟ್ ಓದಲು ಬರಬೇಕು.

ಅಲ್ಲಿಗೆ ಒಟ್ಟು ಉಳಿತಾಯ ₹164 ಆಯಿತು, ಇನ್ನೂ ಉಳಿದ ಕೊರತೆ ₹58. ಸಮಾಧಾನ ಪಡುವಷ್ಟರಲ್ಲಿ ತಾಮ್ರದ ಬೆಲೆ ಕಿಲೋಗೆ ಸುಮಾರು ₹70 ಏರಿತು. ಒಂದು ಮೋಟರ್‌ನಲ್ಲಿ 310 ಗ್ರಾಂ. ₹22 ಮತ್ತೆ ಸೇರಿ ಕೊರತೆ ₹80ಕ್ಕೆ ಹೋಯಿತು. ಅಷ್ಟು ತಿಂಗಳು ಒಂದೊಂದು ರೂಪಾಯಿಗೂ ಹೆಣಗಿದ ತಂಡದ ಮುಖಗಳು ಇಳಿದುಹೋದವು. ಮಾರ್ಕೆಟಿಂಗ್‌ನವರು ಬೆಲೆ ₹3,200 ಮಾಡೋಣ ಎಂದರು. ಬಿಲ್ಲುಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಆ ಬೆಲೆಗೆ ಹೋದ ಒಂದು ಬಿಲ್ ತೋರಿಸಿ ಎಂದೆ. ಎದುರಾಳಿಗಳಿಗೂ ತಾಮ್ರ ಅದೇ ಬೆಲೆ, ಅವರು ಏರಿಸಿದರೆ ನಾವೂ ಯೋಚಿಸೋಣ, ಅಲ್ಲಿಯವರೆಗೆ ಮಿತಿ ಕದಲುವುದಿಲ್ಲ ಎಂದು ಎಂ.ಡಿ. ಸಾಹೇಬರು ತೀರ್ಮಾನಿಸಿದರು.

ಎರಡನೇ ಸುತ್ತಿನಲ್ಲಿ ದೊಡ್ಡ ಉಳಿತಾಯ ತಂದವರು ಅದೇ ಕಾಮಾಕ್ಷಿಪಾಳ್ಯದವರು. ಎರಡು ಜಾರ್‌ಗಳ ಬಾಯಿ ಒಂದೇ ಆದ ಮೇಲೆ ಸ್ಟೀಲ್ ಹಾಳೆಯಲ್ಲಿ ವೃತ್ತಗಳನ್ನು ಜೋಡಿಸಿ ಕತ್ತರಿಸುವ ಕ್ರಮ ಬದಲಿಸಬಹುದು, ಸ್ಕ್ರ್ಯಾಪ್ ಇಳಿಯುತ್ತದೆ ಎಂದು ತಾವಾಗಿ ಫೋನ್ ಮಾಡಿ ಹೇಳಿದರು. ₹23. ಜಾರ್ ಹಿಡಿಯನ್ನು ಎರಡು ತುಂಡಿನಿಂದ ಒಂದಕ್ಕೆ ತಂದು ₹19. ಯಾರ ಅಂಕಪಟ್ಟಿಯಲ್ಲೂ ಇಲ್ಲದ ನೀಲಿ ದೀಪ ತೆಗೆದು ₹12. ರಟ್ಟಿನ ಪೆಟ್ಟಿಗೆ ಚಿಕ್ಕದಾದ್ದರಿಂದ ಲಾರಿಗೆ ಹೆಚ್ಚು ಮಿಕ್ಸಿ ಹಿಡಿದು ಸಾಗಣೆ ₹47ರಿಂದ ₹38ಕ್ಕೆ ಬಂತು. ಇದು ಕಾರ್ಖಾನೆಯ ಖರ್ಚಲ್ಲ, ಆದ್ದರಿಂದ ಮಿತಿಯೇ ₹1,529ಕ್ಕೆ ಏರಿತು. ಖರ್ಚು ₹1,546. ಉಳಿದ ಕೊರತೆ ₹17.

ಮಿತಿ ದಾಟಿದರೆ ಬಿಡುಗಡೆ ಇಲ್ಲ ಎಂಬುದು ಈ ಪದ್ಧತಿಯ ಕಟ್ಟುನಿಟ್ಟಾದ ನಿಯಮ. ಕೊನೆಯ ಮೀಟಿಂಗಿಗೆ ಹೋಗುವಾಗ ನನಗೆ ಅಳುಕಿತ್ತು. ಅಸೆಂಬ್ಲಿ ಲೈನ್ ಮೊದಲ ತಿಂಗಳುಗಳಲ್ಲಿ ನಿಧಾನ ಇರುತ್ತದೆ, ಕೈ ಪಳಗಿದ ಮೇಲೆ ಅಲ್ಲಿ ₹10 ಇಳಿಯುವುದನ್ನು ಹಿಂದಿನ ಮೂರು ಮಾಡೆಲ್‌ಗಳ ದಾಖಲೆ ತೋರಿಸುತ್ತದೆ. ಇನ್ನು ₹7 ಪ್ಲಾಸ್ಟಿಕ್ ತೂಕದಲ್ಲಿ, ಮೋಲ್ಡ್ ಟ್ರಯಲ್ ಆದ ಮೇಲೆ ಗೊತ್ತಾಗಬೇಕು. ಎರಡಕ್ಕೂ ಜವಾಬ್ದಾರರ ಹೆಸರು, ಆರು ತಿಂಗಳ ಗಡುವು, ಪ್ರತಿ ತಿಂಗಳ ಲೆಕ್ಕ ಎಂದು ಬರೆದ ಮೇಲೆಯೇ ಸಹಿ ಬಿತ್ತು. ಬರೆಯದೆ "ಆಮೇಲೆ ನೋಡೋಣ" ಎಂದಿದ್ದರೆ ಆ ₹17 ಲಾಭದ ₹210ರಿಂದ ಸದ್ದಿಲ್ಲದೆ ಹೋಗುತ್ತಿತ್ತು.

ಮೋಲ್ಡ್ ಆರ್ಡರ್ ಹೋಗಿದೆ, ಬರಲು ಮೂರು ತಿಂಗಳಾದರೂ ಬೇಕು. ಅಷ್ಟರೊಳಗೆ ವೈಂಡಿಂಗ್ ತಂತಿ ಸಪ್ಲೈಯರ್ ಜೊತೆಗಿನ ಒಪ್ಪಂದದಲ್ಲಿ ತಾಮ್ರದ ಮೂಲ ದರ, ಅದು ಏರಿದರೆ ಅಥವಾ ಇಳಿದರೆ ಗ್ರಾಂ ಲೆಕ್ಕದಲ್ಲಿ ನಮ್ಮ ದರ ಹೇಗೆ ಬದಲಾಗಬೇಕು ಎಂಬ ಷರತ್ತನ್ನು ಬರೆಸುತ್ತಿದ್ದೇನೆ. ಕಾಸ್ಟ್ ಶೀಟಿನಲ್ಲಿ ತಾಮ್ರಕ್ಕೆ ಪ್ರತ್ಯೇಕ ಸಾಲು ಇಟ್ಟಿದ್ದೇವೆ, ಅದರ ಏರಿಳಿತ ಡಿಸೈನಿನವರ ಉಳಿತಾಯದೊಂದಿಗೆ ಬೆರೆಯದಿರಲಿ ಎಂದು.